ಲಾಭಾಂಶ ಇಳಿದರೆ ಷೇರಿನ ಬೆಲೆ ಏಕೆ ಕುಸಿಯುತ್ತದೆ?

ಜೆ.ಸಿ. ರಸ್ತೆಯಲ್ಲಿರುವ ಕೆನರಾ ಬ್ಯಾಂಕಿನ ಪ್ರಧಾನ ಕಚೇರಿಯಿಂದ ಜಯನಗರ, ಬನಶಂಕರಿ ದೂರವೇನಲ್ಲ. 2002ರ ಕೊನೆಯಲ್ಲಿ ಈ ಬ್ಯಾಂಕು ಮೊದಲ ಬಾರಿಗೆ ಸಾರ್ವಜನಿಕರಿಗೆ ಷೇರು ಮಾರಿದಾಗ ಬೆಲೆ 35 ರೂಪಾಯಿ. ಆಗ ಅರ್ಜಿ ಹಾಕಿ ಷೇರು ಪಡೆದು, ಮಾರದೆ ಇಟ್ಟುಕೊಂಡವರಿಗೆ 2012-13ರ ಸಾಲಿಗೆ ಷೇರೊಂದಕ್ಕೆ 13 ರೂಪಾಯಿ ಲಾಭಾಂಶ ಬಂತು. ಹೂಡಿದ್ದು 35, ವರ್ಷಕ್ಕೆ ಕೈಗೆ ಬಂದದ್ದು 13. ಯಾವ ಠೇವಣಿ ಇಷ್ಟು ಕೊಟ್ಟೀತು?

ಮುಂದಿನ ವರ್ಷ ಅದು 11 ರೂಪಾಯಿಗೆ ಇಳಿಯಿತು. 2014-15ಕ್ಕೆ 10 ರೂಪಾಯಿ 50 ಪೈಸೆ. 2015-16ಕ್ಕೆ ಏನೂ ಇಲ್ಲ. ಲಾಭಾಂಶವನ್ನೇ ಪಿಂಚಣಿಯ ಜೊತೆಗಿನ ಇನ್ನೊಂದು ಆದಾಯವೆಂದುಕೊಂಡವರಿಗೆ ಇದು ದೊಡ್ಡ ಪೆಟ್ಟೇ. ಆದರೆ ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಷೇರಿನ ಬೆಲೆಗೆ. 2015ರ ಆರಂಭದಲ್ಲಿದ್ದ ಬೆಲೆ 2016ರ ಫೆಬ್ರವರಿ ಹೊತ್ತಿಗೆ ಅರ್ಧಕ್ಕಿಂತಲೂ ಕೆಳಗೆ ಇಳಿದಿತ್ತು. ತಪ್ಪಿದ ಲಾಭಾಂಶ ಹತ್ತು ರೂಪಾಯಿಯ ಆಸುಪಾಸು. ಕರಗಿದ ಬೆಲೆ ಅದರ ಎಷ್ಟೋ ಪಟ್ಟು. ಈ ಲೆಕ್ಕ ಹೇಗೆ ಕೂಡುತ್ತದೆ?

ಪದವಿ ತರಗತಿಯಲ್ಲಿ ವಾಣಿಜ್ಯ ಓದುವ ಮಕ್ಕಳಿಗೆ ಈ ಪ್ರಶ್ನೆ ಇನ್ನಷ್ಟು ಗೋಜಲಾಗಿ ಕಾಣುತ್ತದೆ. ಏಕೆಂದರೆ ಮರ್ಟನ್ ಮಿಲ್ಲರ್ ಮತ್ತು ಫ್ರಾಂಕೊ ಮೊಡಿಗ್ಲಿಯಾನಿ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 1961ರಲ್ಲಿ ಹೇಳಿದ ಮಾತನ್ನು ಅವರು ಓದಿರುತ್ತಾರೆ. ತೆರಿಗೆ ಮತ್ತು ವಹಿವಾಟಿನ ಖರ್ಚು ಬದಿಗಿಟ್ಟು ನೋಡಿದರೆ, ಲಾಭಾಂಶ ಕೊಟ್ಟರೂ ಕೊಡದಿದ್ದರೂ ಷೇರುದಾರನ ಒಟ್ಟು ಸ್ವತ್ತು ಬದಲಾಗದು ಎಂಬುದು ಅವರ ವಾದ. ಕೊಡದೆ ಉಳಿಸಿದ ಹಣ ಕಂಪೆನಿಯೊಳಗೇ ಇರುತ್ತದೆ, ಕಂಪೆನಿ ಷೇರುದಾರನದೇ. ಅಂಗಿಯ ಜೇಬಿನಿಂದ ಪ್ಯಾಂಟಿನ ಜೇಬಿಗೆ ಹಣ ಹಾಕಿಕೊಂಡಷ್ಟೇ ಅದು. ಹಾಗಿದ್ದರೆ ಲಾಭಾಂಶ ಕಡಿಮೆ ಮಾಡಿದ ಕಂಪೆನಿಯ ಬೆಲೆ ಬೀಳಬಾರದಲ್ಲ! ಈ ಇಬ್ಬರೂ ಇದನ್ನು ಗಮನಿಸದೆ ಬಿಟ್ಟಿರಲಿಲ್ಲ. ಪೇಟೆ ಪ್ರತಿಕ್ರಿಯಿಸುವುದು ಹಣಕ್ಕಲ್ಲ, ಆ ಘೋಷಣೆಯಲ್ಲಿ ಅಡಗಿರುವ ಸುದ್ದಿಗೆ ಎಂದು ಅದೇ ಲೇಖನದಲ್ಲಿ ಸೂಚಿಸಿದ್ದರು.

ಗೌರಿ ಹಬ್ಬಕ್ಕೆ ತವರಿನಿಂದ ಬರುವ ದುಡ್ಡನ್ನು ನೆನೆಸಿಕೊಂಡರೆ ವಿಷಯ ಸುಲಭವಾಗುತ್ತದೆ. ಅಣ್ಣ ಪ್ರತಿವರ್ಷ ತಪ್ಪದೆ ಎರಡು ಸಾವಿರ ಕಳಿಸುತ್ತಾನೆ. ಒಂದು ವರ್ಷ ಐನೂರು ಮಾತ್ರ ಬಂತು. ತಂಗಿ ಕೊರಗುವುದು ಬಾರದ ಒಂದೂವರೆ ಸಾವಿರಕ್ಕಲ್ಲ. ‘ಅಣ್ಣನ ಅಂಗಡಿಗೆ ಏನಾಯಿತು?’ ಎಂಬ ಚಿಂತೆ ಅವಳದು. ಅಣ್ಣ ಫೋನಿನಲ್ಲಿ ‘ಎಲ್ಲ ಚೆನ್ನಾಗಿದೆ’ ಎಂದೇ ಹೇಳಿದ್ದಾನೆ. ಆದರೆ ಅವಳು ನಂಬುವುದು ಮಾತನ್ನಲ್ಲ, ಲಕೋಟೆಯನ್ನು.

ಕಂಪೆನಿಯ ಒಳಗಿನ ಸ್ಥಿತಿ ಆಡಳಿತ ಮಂಡಳಿಗೆ ಗೊತ್ತು, ಹೊರಗಿನ ಷೇರುದಾರನಿಗೆ ಗೊತ್ತಿಲ್ಲ. ವಾರ್ಷಿಕ ವರದಿಯಲ್ಲಿ ಅಧ್ಯಕ್ಷರು ಬರೆಯುವ ಪತ್ರ ಎಲ್ಲ ಕಂಪೆನಿಗಳಲ್ಲೂ ಸಿಹಿಯಾಗಿಯೇ ಇರುತ್ತದೆ; ಸಿಹಿ ಮಾತಿಗೆ ಖರ್ಚಿಲ್ಲ. ಲಾಭಾಂಶ ಹಾಗಲ್ಲ. ಘೋಷಿಸಿದ ಮೂವತ್ತು ದಿನಗಳೊಳಗೆ ನಗದು ಕೊಡಬೇಕೆಂದು ನಮ್ಮ ಕಂಪೆನಿ ಕಾನೂನೇ ಹೇಳುತ್ತದೆ. ಗಟ್ಟಿ ಕಂಪೆನಿಗೆ ಅದು ಸಲೀಸು. ಬಡಕಲು ಕಂಪೆನಿ ಗಟ್ಟಿಯಾದುದರಂತೆ ನಟಿಸಲು ಹೊರಟರೆ ಸಾಲ ಮಾಡಿ ಕೊಡಬೇಕು, ಮರುವರ್ಷ ಮತ್ತೆ ಸಾಲ ಮಾಡಬೇಕು. ನಟನೆ ದುಬಾರಿಯಾಗುವುದರಿಂದಲೇ ಆ ಸಂಕೇತಕ್ಕೆ ಬೆಲೆ. ಈ ತರ್ಕವನ್ನು 1979ರಲ್ಲಿ ಗಣಿತದ ಚೌಕಟ್ಟಿಗೆ ತಂದವರು ಸುದೀಪ್ತೊ ಭಟ್ಟಾಚಾರ್ಯ ಎಂಬ ಭಾರತೀಯ ಅರ್ಥಶಾಸ್ತ್ರಜ್ಞ.

ಇದಕ್ಕೆ ಇನ್ನೊಂದು ಆಧಾರವೂ ಇದೆ. 1950ರ ದಶಕದಲ್ಲಿ ಜಾನ್ ಲಿಂಟ್ನರ್ ಅಮೆರಿಕದ 28 ಕಂಪೆನಿಗಳ ಮುಖ್ಯಸ್ಥರನ್ನು ಮಾತನಾಡಿಸಿದಾಗ ಕಂಡದ್ದು: ಲಾಭ ಏರಿದ ತಕ್ಷಣ ಅವರು ಲಾಭಾಂಶ ಏರಿಸುವುದಿಲ್ಲ, ಉಳಿಸಿಕೊಳ್ಳಬಲ್ಲೆವು ಎಂಬ ಭರವಸೆ ಬಂದಮೇಲೆ ಮೆಲ್ಲಗೆ ಏರಿಸುತ್ತಾರೆ. ಇಳಿಸುವುದಂತೂ ಬೇರೆ ದಾರಿ ಇಲ್ಲದಾಗ ಮಾತ್ರ. ಇಳಿಸಲು ಇಷ್ಟು ಹಿಂಜರಿಯುವವರು ಇಳಿಸಿದ್ದಾರೆಂದರೆ ಒಳಗೆ ಏನೋ ಕೆಟ್ಟಿದೆ ಎಂದು ಪೇಟೆ ಅರ್ಥ ಮಾಡಿಕೊಳ್ಳುತ್ತದೆ. 1995ರಲ್ಲಿ ಮೈಕೇಲಿ, ಥೇಲರ್ ಮತ್ತು ವೋಮ್ಯಾಕ್ ಪ್ರಕಟಿಸಿದ ಅಧ್ಯಯನದ ಪ್ರಕಾರ, ಲಾಭಾಂಶವನ್ನು ಪೂರ್ತಿ ನಿಲ್ಲಿಸಿದ ಅಮೆರಿಕದ ಕಂಪೆನಿಗಳ ಷೇರು ಘೋಷಣೆಯ ಮೂರು ದಿನಗಳಲ್ಲಿ, ಪೇಟೆಯ ಒಟ್ಟು ಏರಿಳಿತವನ್ನು ಕಳೆದು ನೋಡಿದಾಗ, ಸರಾಸರಿ ಶೇಕಡಾ 7ರಷ್ಟು ಬಿತ್ತು. ಹೊಸದಾಗಿ ಲಾಭಾಂಶ ಆರಂಭಿಸಿದವುಗಳ ಏರಿಕೆ ಅದರ ಅರ್ಧದಷ್ಟು ಮಾತ್ರ.

ಒಂದು ಲೆಕ್ಕ ಹಾಕಿ ನೋಡೋಣ. ಒಂದು ಷೇರು ವರ್ಷಕ್ಕೆ 10 ರೂಪಾಯಿ ಕೊಡುತ್ತಿದೆ. ಅದು ಹೀಗೆಯೇ ಬರುತ್ತಿರುತ್ತದೆಂದು ನಂಬಿ, ಶೇಕಡಾ 5ರ ಪ್ರತಿಫಲ ಸಾಕೆಂದು ಜನ 200 ರೂಪಾಯಿ ಕೊಡುತ್ತಾರೆ ಎಂದುಕೊಳ್ಳಿ. ಕಂಪೆನಿ 6 ರೂಪಾಯಿ ಘೋಷಿಸಿತು. ಈ ವರ್ಷದ ನಷ್ಟ 4 ರೂಪಾಯಿ. ಆದರೆ ‘ಇನ್ನು ಮುಂದೆಯೂ ಆರೇ’ ಎಂದು ಜನ ನಂಬಿದರೆ, ಅದೇ ಶೇಕಡಾ 5ರ ಲೆಕ್ಕದಲ್ಲಿ ಬೆಲೆ 120. ನಾಲ್ಕು ರೂಪಾಯಿ ಕಡಿತಕ್ಕೆ ಎಂಬತ್ತು ರೂಪಾಯಿ ಕುಸಿತ! ಪೇಟೆ ಕಳೆದದ್ದು ಈ ವರ್ಷದ ನಾಲ್ಕನ್ನಲ್ಲ, ಮುಂದಿನ ಎಲ್ಲ ವರ್ಷಗಳ ನಾಲ್ಕನ್ನು.

ಇಲ್ಲೇ ಒಂದು ಸೂಕ್ಷ್ಮವಿದೆ. ಅಪಾಯ ಮೊದಲೇ ವಾಸನೆ ಬಡಿದು ಜನ ‘ಈ ಸಲ ನಾಲ್ಕೇ ಕೊಟ್ಟಾರು’ ಎಂದು ಅಂಜಿದ್ದರೆ, ಘೋಷಣೆಗೆ ಮುನ್ನವೇ ಬೆಲೆ 80ಕ್ಕೆ ಇಳಿದಿರುತ್ತದೆ. ಆಗ 6 ರೂಪಾಯಿಯ ಘೋಷಣೆ ಹತ್ತರಿಂದ ಆರಕ್ಕೆ ಇಳಿದ ಕಡಿತವೇ ಆದರೂ ಬೆಲೆ 120ಕ್ಕೆ ಏರುತ್ತದೆ. ‘ಲಾಭಾಂಶ ಕಡಿತ, ಷೇರು ಜಿಗಿತ’ ಎಂಬ ವಿಚಿತ್ರ ಸುದ್ದಿಯ ಗುಟ್ಟು ಇಷ್ಟೇ. ಹೋಲಿಸಬೇಕಾದದ್ದು ಕಳೆದ ವರ್ಷದ ಲಾಭಾಂಶದೊಂದಿಗಲ್ಲ, ಪೇಟೆಯ ನಿರೀಕ್ಷೆಯೊಂದಿಗೆ. ಲಾಭಾಂಶಕ್ಕೆ ಅರ್ಹತೆ ಮುಗಿದ ದಿನ ಬೆಲೆ ಆ ಮೊತ್ತದಷ್ಟು ತಗ್ಗುವುದುಂಟಲ್ಲ, ಅದು ಬೇರೆ ಸಂಗತಿ. ಅಲ್ಲಿ ಸುದ್ದಿಯೇನೂ ಇಲ್ಲ. ಹಣ ಹೊರಹೋಯಿತು, ಅಷ್ಟೇ.

ಈಗ ಕೆನರಾ ಬ್ಯಾಂಕಿಗೆ ಮರಳೋಣ. 2013-14ರಲ್ಲಿ ಅದರ ನಿವ್ವಳ ಲಾಭ ಸುಮಾರು 2,438 ಕೋಟಿ ರೂಪಾಯಿ. 2014-15ರಲ್ಲಿ ಸುಮಾರು 2,703 ಕೋಟಿ. ಲಾಭ ಏರಿತು, ಲಾಭಾಂಶ ಮಾತ್ರ 11ರಿಂದ 10.50ಕ್ಕೆ ಇಳಿಯಿತು. ಷೇರುಗಳ ಸಂಖ್ಯೆ ಸ್ವಲ್ಪ ಹೆಚ್ಚಿದ್ದೂ ಇದಕ್ಕೆ ಕಾರಣವೆನ್ನಿ. ಹಾಗಿದ್ದರೂ ಲಾಭ ಏರಿದಾಗ ಕೈ ಬಿಗಿಹಿಡಿಯುವ ಬ್ಯಾಂಕು ಬಂಡವಾಳ ಉಳಿಸಿಕೊಳ್ಳಲು ನೋಡುತ್ತಿದೆ ಎಂಬುದು ಗಮನಿಸುವವರಿಗೆ ಕಾಣುವಂತಿತ್ತು. 2015ರಲ್ಲಿ ರಘುರಾಂ ರಾಜನ್ ಗವರ್ನರ್ ಆಗಿದ್ದಾಗ ರಿಸರ್ವ್ ಬ್ಯಾಂಕು ಎಲ್ಲ ದೊಡ್ಡ ಬ್ಯಾಂಕುಗಳ ಸಾಲದ ಖಾತೆಗಳನ್ನು ತೆರೆದು ಪರಿಶೀಲಿಸಿತು. ಬಾರದ ಸಾಲವನ್ನು ಬಾರದ ಸಾಲವೆಂದೇ ತೋರಿಸಬೇಕಾಯಿತು. ಕೆನರಾ ಬ್ಯಾಂಕಿನ ಒಟ್ಟು ಸಾಲದಲ್ಲಿ ವಸೂಲಾಗದ ಸಾಲದ ಪಾಲು ಒಂದೇ ವರ್ಷದಲ್ಲಿ ಶೇಕಡಾ 3.89ರಿಂದ 9.40ಕ್ಕೆ ನೆಗೆಯಿತು. 2015-16ರಲ್ಲಿ ಸುಮಾರು 2,813 ಕೋಟಿ ರೂಪಾಯಿ ನಷ್ಟ.

ಆ ವರ್ಷದ ಶೂನ್ಯ ಲಾಭಾಂಶ ಹೊಸ ಸಂಕೇತವೇನೂ ಆಗಿರಲಿಲ್ಲ. ಬ್ಯಾಂಕುಗಳು ಲಾಭಾಂಶವನ್ನು ಆಯಾ ವರ್ಷದ ಲಾಭದಿಂದಲೇ ಕೊಡಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ನಷ್ಟವಾದ ಮೇಲೆ ಕೊಡುವ ಪ್ರಶ್ನೆಯೇ ಇಲ್ಲ. ಬೆಲೆಯೂ ಆ ಹೊತ್ತಿಗಾಗಲೇ ಬಿದ್ದಿತ್ತು. ಮಾಹಿತಿ ಇದ್ದದ್ದು ಕೊನೆಯ ಸೊನ್ನೆಯಲ್ಲಲ್ಲ, ಅದಕ್ಕೂ ಮೊದಲಿನ 13, 11, 10.50ರ ಇಳಿಜಾರಿನಲ್ಲಿ. ಮುಂದೆ 2016-17ಕ್ಕೆ ಒಂದು ರೂಪಾಯಿ ಕೊಟ್ಟು, 2017-18ರಲ್ಲಿ ಮತ್ತೆ ನಷ್ಟಕ್ಕಿಳಿದು ಬ್ಯಾಂಕು ಕೈಚೆಲ್ಲಿತು. ಆ ಒಂದು ರೂಪಾಯಿಯನ್ನು ಚೇತರಿಕೆಯ ಸೂಚನೆ ಎಂದು ಓದಿದವರಿಗೆ ನಿರಾಶೆಯಾಯಿತು.

ಸರ್ಕಾರಿ ಬ್ಯಾಂಕುಗಳ ವಿಷಯದಲ್ಲಿ ಈ ಸಂಕೇತ ಸ್ವಲ್ಪ ಮಂಜು ಮಂಜಾಗಿರುತ್ತದೆಂಬುದನ್ನೂ ಹೇಳಬೇಕು. ಅತಿ ದೊಡ್ಡ ಷೇರುದಾರ ಕೇಂದ್ರ ಸರ್ಕಾರವೇ. ಖಜಾನೆಗೆ ಹಣ ಬೇಕಾದಾಗ ಲಾಭಾಂಶ ಕೇಳುವುದೂ ಅದೇ, ಬ್ಯಾಂಕು ಸೊರಗಿದಾಗ ಬಂಡವಾಳ ತುಂಬುವುದೂ ಅದೇ. ಅಣ್ಣ ಕಳಿಸುವ ಲಕೋಟೆಯ ಮೊತ್ತವನ್ನು ಬೇರೆ ಯಾರೋ ನಿರ್ಧರಿಸಿದರೆ, ತಂಗಿ ಅದರಿಂದ ಅಣ್ಣನ ಅಂಗಡಿಯ ಬಗ್ಗೆ ಎಷ್ಟೆಂದು ಊಹಿಸಿಯಾಳು?

ಅಂಥದೇ ಒಂದು ಸಂದರ್ಭ 2020ರಲ್ಲಿ ಬಂತು. ಕೊರೊನಾ ಲಾಕ್‌ಡೌನ್ ನಡುವೆ ಏಪ್ರಿಲ್ 17ರಂದು ರಿಸರ್ವ್ ಬ್ಯಾಂಕು, 2019-20ರ ಲಾಭದಿಂದ ಯಾವ ಬ್ಯಾಂಕೂ ಇನ್ನು ಲಾಭಾಂಶ ಕೊಡಕೂಡದೆಂದು ಆಜ್ಞೆ ಮಾಡಿತು. ಹಿಂದಿನ ಸಾಲಿಗೆ ಮೂರೂವರೆ ರೂಪಾಯಿ ಕೊಟ್ಟಿದ್ದ ಮಂಗಳೂರಿನ ಕರ್ಣಾಟಕ ಬ್ಯಾಂಕು, ಆ ವರ್ಷ ಸುಮಾರು 432 ಕೋಟಿ ಲಾಭ ಮಾಡಿಯೂ ಏನೂ ಕೊಡಲಿಲ್ಲ. ಮರುವರ್ಷ, ಮಾಮೂಲು ಮಿತಿಯ ಅರ್ಧದಷ್ಟು ಕೊಡಬಹುದೆಂದು ರಿಸರ್ವ್ ಬ್ಯಾಂಕು ಸಡಿಲಿಸಿದಾಗ 1 ರೂಪಾಯಿ 80 ಪೈಸೆ ಕೊಟ್ಟಿತು. ಅದರ ಮುಂದಿನ ವರ್ಷ 4 ರೂಪಾಯಿ. ಕಾಗದದ ಮೇಲೆ ನೋಡಿದರೆ 3.50ರಿಂದ ಸೊನ್ನೆಗೆ ಬಿದ್ದದ್ದು ಕೆನರಾ ಬ್ಯಾಂಕಿನ 2016ರ ಕಥೆಯಂತೆಯೇ ಕಾಣುತ್ತದೆ. ಆದರೆ ಊರಿಗೆ ಊರೇ ಮಳೆಯಿಲ್ಲದೆ ಬಳಲಿದ ವರ್ಷ ಎಲ್ಲ ಅಣ್ಣಂದಿರೂ ಕಳಿಸಲಿಲ್ಲವೆಂದರೆ, ಒಬ್ಬನ ಅಂಗಡಿಯ ಬಗ್ಗೆ ತಿಳಿಯುವುದು ಏನೂ ಇಲ್ಲ. ಗಟ್ಟಿ ಬ್ಯಾಂಕೂ ಬಡಕಲು ಬ್ಯಾಂಕೂ ಒಂದೇ ಸಾಲಿನಲ್ಲಿ ನಿಂತವು.

ಸಂಕೇತ ವಾದಕ್ಕೆ ಇನ್ನೂ ಗಟ್ಟಿಯಾದ ಆಕ್ಷೇಪವೊಂದಿದೆ. ಬೆನಾರ್ಟ್ಜಿ, ಮೈಕೇಲಿ ಮತ್ತು ಥೇಲರ್ 1997ರಲ್ಲಿ ಅಮೆರಿಕದ ಅಂಕಿಅಂಶಗಳನ್ನು ತೂಗಿ ನೋಡಿದಾಗ, ಲಾಭಾಂಶ ಕಡಿತ ಮಾಡಿದ ಕಂಪೆನಿಗಳ ಲಾಭ ಅದಾಗಲೇ, ಕಡಿತದ ವರ್ಷ ಮತ್ತು ಅದಕ್ಕೂ ಹಿಂದಿನ ವರ್ಷ ಕುಸಿದಿತ್ತು. ಕಡಿತದ ಮರುವರ್ಷ ಅದು ಮತ್ತೆ ಏರುವ ಕಡೆಗೇ ಇತ್ತು. ಅಂದರೆ ಕಡಿತ ಹೇಳುವುದು ಬರಲಿರುವ ಕಷ್ಟವನ್ನಲ್ಲ, ಬಂದುಹೋದ ಕಷ್ಟವನ್ನು. ಕಡಿತ ಕಂಡು ಗಾಬರಿಯಿಂದ ಅದೇ ದಿನ ಮಾರುವುದು ಎಷ್ಟು ಸರಿ ಎಂಬ ಪ್ರಶ್ನೆ ಏಳುವುದು ಇಲ್ಲಿಯೇ.

ಕಡಿತವೆಂದು ಕಾಣುವುದೆಲ್ಲ ಕಡಿತವೂ ಅಲ್ಲ. ಬೆಂಗಳೂರಿನದೇ ಆದ ಇನ್ಫೋಸಿಸ್ 2023-24ಕ್ಕೆ ಷೇರೊಂದಕ್ಕೆ ಒಟ್ಟು 46 ರೂಪಾಯಿ ಕೊಟ್ಟಿತು, 2024-25ಕ್ಕೆ 43. ಮೂರು ರೂಪಾಯಿ ಇಳಿಯಿತಲ್ಲ ಎಂದು ಹೌಹಾರುವ ಮೊದಲು ಒಡೆದು ನೋಡಬೇಕು. 46ರಲ್ಲಿ 18 ಮಧ್ಯಂತರ ಲಾಭಾಂಶ, 20 ಅಂತಿಮ, ಉಳಿದ 8 ‘ವಿಶೇಷ’ ಎಂಬ ಹೆಸರಿನದು. ವಿಶೇಷವೆಂದರೆ ‘ಈ ಸಲ ಕೊಟ್ಟಿದ್ದೇವೆ, ಮುಂದಿನ ಸಲ ಕಾಯಬೇಡಿ’ ಎಂದು ಕಂಪೆನಿ ಮೊದಲೇ ಹೇಳಿಟ್ಟಂತೆ. ಅದನ್ನು ಕಳೆದರೆ ಮಾಮೂಲು ಲಾಭಾಂಶ 38. ಮರುವರ್ಷದ 43ರಲ್ಲಿ ಮಧ್ಯಂತರ 21, ಅಂತಿಮ 22. ವಿಶೇಷ ಏನೂ ಇಲ್ಲ. 38ರಿಂದ 43ಕ್ಕೆ, ಅಂದರೆ ಶೇಕಡಾ 13ರಷ್ಟು ಏರಿಕೆ.