ಲಾಡಿಹುಳು ಮತ್ತು ಮಿದುಳಿನ ಗುಳ್ಳೆ ರೋಗ

ಸರಿಯಾಗಿ ಬೇಯದ ಹಂದಿ ಅಥವಾ ದನದ ಮಾಂಸದಲ್ಲಿರುವ ಮರಿಹುಳುವಿನ ಗುಳ್ಳೆಗಳು ಮನುಷ್ಯನ ಕರುಳನ್ನು ಸೇರಿ ಲಾಡಿಹುಳುಗಳಾಗಿ ಬೆಳೆಯುತ್ತವೆ. ದನದ ಲಾಡಿಹುಳುವಿನ ಬಾಧೆಯು ಕರುಳಿಗೆ ಸೀಮಿತ. ಹಂದಿಯ ಲಾಡಿಹುಳುವಿನ ಮೊಟ್ಟೆಗಳಾದರೋ ಮಿದುಳಿಗೂ ಅಪಾಯಕಾರಿ.

ಮೂಡಿಗೆರೆ ಅಥವಾ ಕಳಸದ ಕಾಫಿ ತೋಟವೊಂದರಲ್ಲಿ ಈ ಹುಳುವಿರುವ ವ್ಯಕ್ತಿಯು ಬಯಲಿನಲ್ಲಿ ಮಲವಿಸರ್ಜನೆ ಮಾಡಿದನೆಂದು ಭಾವಿಸಿ. ಮೊಟ್ಟೆಗಳು ಮಳೆನೀರಿನೊಡನೆ ಹರಿದು ಇಳಿಜಾರಿನ ಸೊಪ್ಪಿನ ಮಡಿಯನ್ನು ಸೇರುತ್ತವೆ. ಆ ಸೊಪ್ಪನ್ನು ತೊಳೆಯದೆ ಹಸಿಯಾಗಿ ಸೇವಿಸಿದವರು, ಶುದ್ಧ ಸಸ್ಯಾಹಾರಿಗಳೇ ಆಗಿದ್ದರೂ, ರೋಗಕ್ಕೆ ತುತ್ತಾಗಬಹುದು. ಮೊಟ್ಟೆಯೊಡೆದ ಮರಿಗಳು ರಕ್ತದ ಮೂಲಕ ಮಿದುಳನ್ನು ತಲುಪಿ ಗುಳ್ಳೆಗಳಾಗುತ್ತವೆ.

ಜೀವಂತ ಗುಳ್ಳೆಯು ವರ್ಷಗಟ್ಟಲೆ ಸುಮ್ಮನಿರಬಹುದು. ಅದು ಸಾಯುವಾಗ ಸುತ್ತಲೂ ಬಾವು ಉಂಟಾಗಿ ಮೂರ್ಛೆರೋಗ ಕಾಣಿಸಿಕೊಳ್ಳುತ್ತದೆ. ಹಲವು ಗುಳ್ಳೆಗಳು ಒಮ್ಮೆಲೇ ಸತ್ತಲ್ಲಿ ಪ್ರಾಣಾಪಾಯವೂ ಉಂಟು. ಆದ್ದರಿಂದ ಮೂರ್ಛೆ ಬಂದವರು ಸ್ವಂತವಾಗಿ ಜಂತುಹುಳುವಿನ ಮಾತ್ರೆ ಸೇವಿಸತಕ್ಕದ್ದಲ್ಲ. ಮಿದುಳಿನ ಸ್ಕ್ಯಾನ್ ಆದ ಬಳಿಕ ವೈದ್ಯರು ಅದನ್ನು ನಿರ್ಧರಿಸುತ್ತಾರೆ.