ನ್ಯೂಜೆರ್ಸಿಯಲ್ಲಿ ಕೊಂಡದ್ದು, ದಾವಣಗೆರೆಯಲ್ಲಿ ಕೆಟ್ಟದ್ದು

ಪ್ಲೇಸ್ಟೇಷನ್ 5 ಅಮೆರಿಕದ ಅಂಗಡಿಗಳಿಗೆ ಬಂದದ್ದು 2020ರ ನವೆಂಬರ್ 12ರಂದು. ಭಾರತಕ್ಕೆ ಬಂದದ್ದು 2021ರ ಫೆಬ್ರವರಿ 2ರಂದು. ಬಂದ ಮೇಲೂ ಬಹಳ ಕಾಲ ಕೈಗೆ ಸಿಗುವುದೇ ಕಷ್ಟವಾಗಿತ್ತು. ಹಾಗಾಗಿ ಪರದೇಶದಲ್ಲಿರುವ ಅಕ್ಕನಿಗೋ ಭಾವನಿಗೋ ಫೋನು ಹೋಯಿತು, ಸೂಟ್‌ಕೇಸಿನಲ್ಲಿ ಬಟ್ಟೆಯ ನಡುವೆ ಕನ್ಸೋಲ್ ಬಂತು. ಅದರ ವಾರಂಟಿ ಮಾತ್ರ ಜೊತೆಗೆ ಬರಲಿಲ್ಲ.

ಸೋನಿಯ ವಾರಂಟಿ ಒಂದು ವರ್ಷದ್ದು, ಆದರೆ ಅದು ಪ್ರದೇಶಕ್ಕೆ ಕಟ್ಟಿಬಿದ್ದದ್ದು. ಅಮೆರಿಕದಲ್ಲಿ ಕೊಂಡದ್ದಕ್ಕೆ ಅಲ್ಲಿಯ ಸಂಸ್ಥೆ ಹೊಣೆ, ಇಲ್ಲಿ ಕೊಂಡದ್ದಕ್ಕೆ ಇಲ್ಲಿಯದು. ಯಾವ ಊರಿನದೆಂದು ತಿಳಿಯಲು ಕನ್ಸೋಲಿನ ಮೇಲೆ ಅಂಟಿಸಿದ ಚೀಟಿಯನ್ನು ಓದಿದರೆ ಸಾಕು. CFI-1208A ಎಂದಿದ್ದರೆ ಭಾರತದ್ದು, CFI-1215A ಎಂದಿದ್ದರೆ ಅಮೆರಿಕದ್ದು. ಕೊನೆಯ ಎರಡು ಅಂಕಿಗಳೇ ಗುರುತು. ಹಿಂದಿರುವ A ಅಕ್ಷರ ಡಿಸ್ಕ್ ಹಾಕುವ ಮಾದರಿ ಎಂದು ಹೇಳುತ್ತದೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. 2022ರ ನವೆಂಬರ್‌ನಲ್ಲಿ ನ್ಯೂಜೆರ್ಸಿಯ ಭಾವ ಕೊಂಡ CFI-1215A ದಾವಣಗೆರೆಗೆ ಬಂದಿದೆ. 2023ರ ಜುಲೈನಲ್ಲಿ ಡಿಸ್ಕ್ ಓದುವುದು ನಿಂತಿತು. ಬೇರೆ ಬೇರೆ ಆಟಗಳ ಡಿಸ್ಕ್ ಹಾಕಿ ನೋಡಿದರೂ ಅಷ್ಟೇ. ಡೌನ್‌ಲೋಡ್ ಮಾಡಿದ ಆಟಗಳು ಮಾತ್ರ ಚೆನ್ನಾಗಿ ಓಡುತ್ತವೆ. ಅಂದರೆ ತೊಂದರೆ ಡ್ರೈವ್‌ನಲ್ಲೇ.

ಇಲ್ಲಿ ಮನೆಯವರು ಸಹಜವಾಗಿ ಎಡವುತ್ತಾರೆ: ಹತ್ತಿರದ ರಿಪೇರಿ ಅಂಗಡಿಗೆ ಓಡುತ್ತಾರೆ. ಮೊದಲ ತಲೆಮಾರಿನ ಪಿಎಸ್5ನಲ್ಲಿ ಡ್ರೈವ್‌ನ ಸರ್ಕ್ಯೂಟ್ ಬೋರ್ಡ್ ಆ ಕನ್ಸೋಲಿನ ಮದರ್‌ಬೋರ್ಡಿಗೇ ಜೋಡಿಯಾಗಿರುತ್ತದೆ. ಇನ್ನೊಂದು ಕನ್ಸೋಲಿನ ಡ್ರೈವ್ ತಂದು ಕೂರಿಸಿದರೆ ಡಿಸ್ಕ್ ಓದುವುದಿಲ್ಲ. ಹಳೆಯ ಬೋರ್ಡನ್ನು ಹೊಸ ಡ್ರೈವಿಗೆ ಹಾಕಬೇಕು. ಗೊತ್ತಿದ್ದ ಕೈಗೆ ಅದು ಸಾಧ್ಯ. ಆದರೆ ಒಮ್ಮೆ ಬಿಚ್ಚಿ ಕೆಲಸ ಮಾಡಿದ್ದನ್ನು ಕಂಪನಿ ಮತ್ತೆ ವಾರಂಟಿಯಲ್ಲಿ ತೆಗೆದುಕೊಳ್ಳಲಿಕ್ಕಿಲ್ಲ. ಇನ್ನೂ ನಾಲ್ಕು ತಿಂಗಳು ವಾರಂಟಿ ಉಳಿದಿರುವಾಗ ಸ್ಕ್ರೂಡ್ರೈವರ್ ಮುಟ್ಟದಿರುವುದೇ ಲೇಸು.

ಅರ್ಜಿ ಹಾಕಬೇಕಾದವರು ಭಾವ, ಏಕೆಂದರೆ ಬಿಲ್ ಅವರ ಹೆಸರಿನಲ್ಲಿದೆ, ವಿಳಾಸವೂ ಅಮೆರಿಕದ್ದೇ ಬೇಕು. ಸೋನಿಯ ಜಾಲತಾಣದಲ್ಲಿ Fix & Replace ಎಂಬ ವಿಭಾಗವಿದೆ. ಅಲ್ಲಿ ದೋಷ ಆರಿಸಿ, ಸೀರಿಯಲ್ ಸಂಖ್ಯೆ ಕೊಟ್ಟು, ಬಿಲ್ ತೋರಿಸಿ ಮನವಿ ದಾಖಲಿಸಬೇಕು. ದಾವಣಗೆರೆಯಿಂದ ಮಾಡಬೇಕಾದದ್ದು ಚೀಟಿಯ ಫೋಟೋ ಕಳಿಸುವುದು, ಮತ್ತು ಆಟಗಳಲ್ಲಿ ಮುಂದುವರಿದಷ್ಟನ್ನೂ ಯುಎಸ್‌ಬಿ ಡ್ರೈವಿಗೆ ಇಳಿಸಿಕೊಳ್ಳುವುದು. ಅದರ ದಾರಿ Settings > System > System Software > Back Up and Restore. ರಿಪೇರಿಗೆ ಹೋದದ್ದು ಖಾಲಿಯಾಗಿ ಬರುವ ಸಾಧ್ಯತೆ ಇದ್ದೇ ಇದೆ.

ಇನ್ನು ಸಾಗಣೆ. ಸುಮಾರು ನಾಲ್ಕು ಕಿಲೋ ಯಂತ್ರ, ಪೆಟ್ಟಿಗೆ ಬೇರೆ. ಆ ಕಡೆ ಹೊರಟ ನೆಂಟರಿದ್ದರೆ ಅವರ ಕೈಯಲ್ಲಿ ಕಳಿಸುವುದೇ ವಾಸಿ. ಹೊರಡುವ ಮುನ್ನ ವಿಮಾನ ನಿಲ್ದಾಣದ ಕಸ್ಟಮ್ಸ್‌ನವರಿಂದ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಪಡೆದರೆ, ವಾಪಸು ತರುವಾಗ ಇದು ಹೊಸ ಸಾಮಾನಲ್ಲ ಎಂದು ತೋರಿಸಬಹುದು. ಕೊರಿಯರ್‌ನಲ್ಲಿ ಹೋದದ್ದಕ್ಕೂ ರಿಯಾಯಿತಿ ಇದೆ. ರಿಪೇರಿಗೆಂದು ಕಳಿಸಿದ ವಸ್ತು ಮೂರು ವರ್ಷದೊಳಗೆ ಮರಳಿದರೆ ಪೂರ್ತಿ ಬೆಲೆಯ ಮೇಲಲ್ಲ, ರಿಪೇರಿ ವೆಚ್ಚ, ವಿಮೆ ಮತ್ತು ಹೋಗಿಬರುವ ಸಾಗಣೆಯ ಮೇಲೆ ಮಾತ್ರ ಸುಂಕ ಬೀಳುತ್ತದೆ. 2017ರ 45ನೇ ಕಸ್ಟಮ್ಸ್ ಅಧಿಸೂಚನೆ ಇದಕ್ಕೆ ಆಧಾರ.

ಆದರೆ ಮರಳುವುದು ಅದೇ ವಸ್ತು ಆಗಿರಬೇಕೆಂಬ ಷರತ್ತು ಅದರಲ್ಲಿದೆ. ಕಂಪನಿಯೋ ಎಷ್ಟೋ ಸಲ ಕೆಟ್ಟದ್ದನ್ನು ಸರಿಮಾಡದೆ, ದುರಸ್ತಿಯಾದ ಬೇರೊಂದು ಕನ್ಸೋಲನ್ನೇ ಕೊಟ್ಟುಬಿಡುತ್ತದೆ. ಸೀರಿಯಲ್ ಸಂಖ್ಯೆ ಬದಲಾಯಿತೆಂದರೆ ಸರ್ಟಿಫಿಕೇಟಿನ ಕಾಗದಕ್ಕೂ ಪೆಟ್ಟಿಗೆಯಲ್ಲಿರುವುದಕ್ಕೂ ಹೊಂದಾಣಿಕೆ ಇರದು. ಆಗ ಸೋನಿ ಕೊಟ್ಟ ಬದಲಿ ಪತ್ರ ಜೊತೆಗಿದ್ದರೂ ಸುಂಕದ ರಿಯಾಯಿತಿಯನ್ನು ನೆಚ್ಚಿಕೊಳ್ಳುವಂತಿಲ್ಲ.

ಯುರೋಪಿನ ಕನ್ನಡಿಗರ ಸ್ಥಿತಿ ಸ್ವಲ್ಪ ಭಿನ್ನ. ಐರೋಪ್ಯ ಒಕ್ಕೂಟದಲ್ಲಿ ಮಾರಿದ ಅಂಗಡಿಯೇ ಎರಡು ವರ್ಷ ಕಾನೂನುಬದ್ಧವಾಗಿ ಹೊಣೆ. ಕಂಪನಿಯ ವಾರಂಟಿ ಮುಗಿದಿದ್ದರೂ ಅಂಗಡಿಯ ಬಾಗಿಲು ತಟ್ಟಬಹುದು.

ಪರದೇಶದ ಮಾದರಿಯನ್ನು ಇಲ್ಲಿಯ ವ್ಯಾಪಾರಿಯೇ ತರಿಸಿ ಮಾರಿದ್ದರೆ ದಾರಿ ಬೇರೆ. 'ಅಂಗಡಿ ವಾರಂಟಿ' ಎಂದು ಬಾಯಲ್ಲಿ ಹೇಳಿದ್ದು ಸಾಲದು. ಅವಧಿ, ಸೀರಿಯಲ್ ಸಂಖ್ಯೆ ಎರಡನ್ನೂ ಬಿಲ್ಲಿನಲ್ಲೇ ಬರೆಸಿಕೊಳ್ಳಬೇಕು. ಅವರು ಮಾತಿಗೆ ತಪ್ಪಿದರೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ಕೊಂಡವರು ತಾವಿರುವ ಜಿಲ್ಲೆಯ ಆಯೋಗಕ್ಕೇ ದೂರು ಕೊಡಬಹುದು, ಐದು ಲಕ್ಷದವರೆಗೆ ಶುಲ್ಕವಿಲ್ಲ. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಒಂದು ಕರೆ ಮಾಡಿ ನೋಡಬಹುದು. ಬಿಲ್ಲೇ ಕೊಡದ ಅಂಗಡಿಯಲ್ಲಿ ಕೊಂಡವರಿಗೆ ಈ ದಾರಿಯೂ ಬಲು ಕಿರಿದು.