ಸಾಲಿನ ಕೆಳಭಾಗವನ್ನು ಓದುವವರು

ಶಿವಾಜಿನಗರದ ಮದುವೆ ಕಾರ್ಡ್ ಅಂಗಡಿಗಳಲ್ಲಿ ಕನ್ನಡ ಪತ್ರಿಕೆ ಟೈಪ್ ಮಾಡುವ ಹುಡುಗನ ಮನೆಮಾತು ದಖನಿ ಉರ್ದು ಇರಬಹುದು, ಪ್ರೂಫ್ ನೋಡುವವರ ಮನೆಮಾತು ತಮಿಳು ಇರಬಹುದು. 1809ರಲ್ಲಿ ಇಲ್ಲಿ ದಂಡು ಬಂದು ನೆಲೆಸಿತು. ಅದರ ಹಿಂದೆಯೇ ಮದರಾಸು ಸೀಮೆಯಿಂದ ತಮಿಳರು ಬಂದರು. ಉರ್ದು ಮಾತಾಡುವ ಕುಟುಂಬಗಳೂ ಬೆಳೆದವು. 1949ರಲ್ಲಿ ದಂಡು ಪ್ರದೇಶ ಬೆಂಗಳೂರು ನಗರದೊಂದಿಗೆ ಒಂದಾಗುವ ಹೊತ್ತಿಗೆ ಈ ಬೀದಿಗಳ ಮಾತು ಹೀಗೆ ಬೆರೆತುಹೋಗಿತ್ತು. ಇಲ್ಲಿನವರಿಗೆ ಕನ್ನಡ ಓದಲು ಬರೆಯಲು ಬರುತ್ತದೆ, ಆದರೆ ಅದು ಅವರ ಮೊದಲ ಭಾಷೆಯಲ್ಲ. ಆ ಭಾಷೆಯ ಕರಡು ತಿದ್ದುವುದು ಹೇಗೆ ಎಂದು ಕೇಳಿಕೊಂಡು ನಾನು ಹಲಸೂರಿನ ಒಬ್ಬ ಹಿರಿಯರ ಬಳಿ ಹೋದೆ. ಮೊಳೆ ಜೋಡಿಸುವ ಕಾಲದಿಂದ ಪ್ರೂಫ್ ನೋಡುತ್ತ ಬಂದಿರುವ ಅವರಿಗೆ ಹೆಸರು ಅಚ್ಚಾಗುವುದು ಇಷ್ಟವಿಲ್ಲ. ಮನೆಮಾತು ತಮಿಳು.

ಅವರ ಮೇಜಿನ ಮೇಲೆ ಒಂದು ದಪ್ಪ ಕಾರ್ಡಿನ ಪಟ್ಟಿ ಇದೆ. ಪ್ರೂಫ್ ಕೈಗೆ ಬಂದ ಕೂಡಲೇ ಆ ಪಟ್ಟಿಯನ್ನು ಸಾಲಿನ ಮೇಲೆ ಇಟ್ಟು, ಅಕ್ಷರಗಳ ಮೇಲಿನ ಅರ್ಧವನ್ನು ಮುಚ್ಚುತ್ತಾರೆ. ಕಾಣುವುದು ಕೆಳಗಿನ ಅರ್ಧ ಮಾತ್ರ. ಮೊದಲ ಓದು ಅದರದ್ದೇ.

"ನೋಡಿ ಸಾರ್, ದ, ಧ ಎರಡಕ್ಕೂ ಮೇಲೆ ಒಂದೇ ತಲೆಕಟ್ಟು. ವ್ಯತ್ಯಾಸ ಇರೋದು ಕೆಳಗಿನ ಸೀಳಲ್ಲಿ. ಬ ಭ, ಡ ಢ, ಪ ಫ ಎಲ್ಲಾ ಹಂಗೇ. ಒತ್ತಕ್ಷರಾನೂ ಕೆಳಗೇ ಇರುತ್ತೆ. ಕಣ್ಣು ಮಾತ್ರ ಮೇಲ್ಗಡೆ ಓಡ್ತಾ ಇರುತ್ತೆ," ಎಂದರು.

ಓದುವಾಗ ಕಣ್ಣು ಸಾಲಿನ ಮೇಲೆ ಸಮನಾಗಿ ಹರಿಯುವುದಿಲ್ಲ. ಕಾಲು ಸೆಕೆಂಡಿನಷ್ಟು ಹೊತ್ತು ಒಂದು ಕಡೆ ನಿಂತು, ಮುಂದಕ್ಕೆ ಹಾರುತ್ತದೆ. ನಡುವೆ ಬಿಟ್ಟುಹೋದದ್ದನ್ನು ಮನಸ್ಸು ಊಹಿಸಿ ತುಂಬಿಕೊಳ್ಳುತ್ತದೆ. ಪದದ ಅರ್ಧವನ್ನು ಮುಚ್ಚಿದರೆ ಈ ಊಹೆಗೆ ಆಸರೆ ಸಿಗುವುದಿಲ್ಲ. ಆಗ ಪ್ರತಿ ಅಕ್ಷರವನ್ನೂ ಗುರುತು ಹಿಡಿದೇ ದಾಟಬೇಕಾಗುತ್ತದೆ.

ಅವರು ತೋರಿಸಿದ ಒಂದು ಕರಡು ಸಾಲು ಹೀಗಿತ್ತು: "ತಾವು ಬಂದುಮಿತ್ರರೊಡನೆ ಬಂಧು ವಧೂವರರನ್ನು ಆಶೀರ್ವಧಿಸಬೇಕು." ಒಂದೇ ಉಸಿರಿಗೆ ಓದಿದರೆ ಎಲ್ಲವೂ ಸರಿಯಾಗಿಯೇ ಕೇಳಿಸುತ್ತದೆ. ಪಟ್ಟಿ ಇಟ್ಟಾಗ ಎರಡನೆಯ ಪದದಲ್ಲಿ ಸೀಳಿಲ್ಲ, ಇರಬೇಕಿತ್ತು. ಮೂರನೆಯದರಲ್ಲಿ ಸೀಳಿದೆ, ಇರಬಾರದಿತ್ತು. "ವಧೂ"ವಿನ ಸೀಳು ಸರಿ. ಕೊನೆಯ ಪದದ ಸೀಳು ತಪ್ಪು, ಅದು "ಆಶೀರ್ವದಿಸಬೇಕು" ಆಗಬೇಕು. ಮಹಾಪ್ರಾಣ ಎಲ್ಲಿ ಬಿಟ್ಟುಹೋಗುತ್ತದೋ ಎಂಬ ಭಯದಲ್ಲಿ ಬೇಡದ ಕಡೆಯೂ ಹಾಕುವುದು ಇಂಥ ಕರಡುಗಳಲ್ಲಿ ಸಾಮಾನ್ಯ. "ಬಂದು", "ಬಂಧು" ಎರಡೂ ನಿಜವಾದ ಪದಗಳೇ ಆದ್ದರಿಂದ, ಪದಗಳನ್ನು ಬಿಡಿಬಿಡಿಯಾಗಿ ನೋಡುವ ಕಂಪ್ಯೂಟರಿನ ಕಾಗುಣಿತ ಪರೀಕ್ಷೆಗೂ ಅವು ಸಿಗುವುದಿಲ್ಲ.

ಗಟ್ಟಿಯಾಗಿ ಓದಿದರೆ ತಪ್ಪು ತಿಳಿಯುತ್ತದೆ ಎಂಬ ಮಾತು ಇವರ ವಿಷಯದಲ್ಲಿ ಪೂರ್ತಿ ನಿಜವಲ್ಲ. ತಮಿಳು ಲಿಪಿಯಲ್ಲಿ ಕ-ಗ, ತ-ದ, ಪ-ಬ ಜೋಡಿಗಳಿಗೆ ಒಂದೊಂದೇ ಅಕ್ಷರ. ಮಹಾಪ್ರಾಣಗಳು ಇಲ್ಲವೇ ಇಲ್ಲ. ಹಾಗಾಗಿ ಅವರ ನಾಲಗೆಗೂ ಕಿವಿಗೂ "ದ" ಮತ್ತು "ಧ" ಹೆಚ್ಚು ಕಡಿಮೆ ಒಂದೇ. ಅದಕ್ಕೆ ಅವರು ಪದವನ್ನು ಉಚ್ಚರಿಸುವ ಬದಲು ಅಕ್ಷರದ ಆಕಾರವನ್ನು ಹೇಳುತ್ತಾರೆ: "ಬ, ಸೊನ್ನೆ, ಕೆಳಗೆ ಸೀಳಿದ ದ, ಕೊಂಬು." ಷ ಬಂದರೆ "ಹೊಟ್ಟೆ ಸೀಳಿದ ಷ". ಥ ಬಂದರೆ "ಒಳಗೆ ಚುಕ್ಕಿ". ಕಿವಿಯಿಂದ ತಿಳಿಯದ್ದನ್ನು ಹೀಗೆ ಕಣ್ಣಿನಿಂದ ತಿಳಿಯುತ್ತಾರೆ.

ಅವರ ಜೊತೆ ವರ್ಷಗಟ್ಟಲೆ ಎದುರು ಕೂತು ಕೆಲಸ ಮಾಡಿದವರು ಶಿವಾಜಿನಗರದ ಇನ್ನೊಬ್ಬ ಹಿರಿಯರು. ಈ ಭಾಯ್ ಮನೆಮಾತು ದಖನಿ. ಒಬ್ಬರು ಹಸ್ತಪ್ರತಿ ಓದಬೇಕು, ಇನ್ನೊಬ್ಬರು ಕರಡಿನ ಮೇಲೆ ಬೆರಳಿಟ್ಟು ಹೋಗಬೇಕು, ಅರ್ಧ ಮುಗಿದ ಮೇಲೆ ಇಬ್ಬರೂ ಜಾಗ ಬದಲಿಸಬೇಕು. ಇದು ಹಳೆಯ ಅಚ್ಚುಕೂಟಗಳ ಪದ್ಧತಿ. ಈ ಜೋಡಿಗೆ ಇನ್ನೊಂದು ಬಲವೂ ಇತ್ತು. ಉರ್ದುವಿನಲ್ಲಿ ಖ, ಘ, ಧ, ಭ ಎಲ್ಲವೂ ಜೀವಂತ ಧ್ವನಿಗಳು, ಆದ್ದರಿಂದ "ಬಂದುಮಿತ್ರರು" ಎಂಬುದು ಭಾಯ್ ಕಿವಿಗೆ ತಕ್ಷಣ ಚುಚ್ಚುತ್ತಿತ್ತು. ಆದರೆ ಉರ್ದು ಲಿಪಿಯಲ್ಲಿ ಣ, ಳ ಇಲ್ಲ. ಎ-ಏ, ಒ-ಓ ಎಂಬ ಹ್ರಸ್ವ ದೀರ್ಘದ ಭೇದವೂ ಇಲ್ಲ. "ಕಲ್ಯಾನ ಮಂಟಪ" ಎಂದಿದ್ದರೂ, ಹಾಲಿನಂಗಡಿಯ ಬೋರ್ಡಿನಲ್ಲಿ "ತಾಜಾ ಹಾಳು" ಎಂದಿದ್ದರೂ ಅವರ ಕಣ್ಣು ಮುಂದೆ ಹೋಗಿಬಿಡುತ್ತಿತ್ತು. ಅವು ತಮಿಳು ಬಲ್ಲ ಅಣ್ಣನಿಗೆ ಸಿಗುತ್ತಿದ್ದವು. ಅವರ ಭಾಷೆಯಲ್ಲಿ ಣ, ಳ ಎರಡೂ ಇವೆ, ಎ-ಏ ಭೇದವೂ ಇದೆ. ಒಬ್ಬರ ಕುರುಡು ಜಾಗದಲ್ಲಿ ಇನ್ನೊಬ್ಬರ ಕಣ್ಣಿತ್ತು.

ಇದರಿಂದಲೇ ಅವರ ಎರಡನೇ ನಿಯಮ ಹುಟ್ಟಿದ್ದು. ತಪ್ಪುಗಳ ಪಟ್ಟಿಯನ್ನು ವ್ಯಾಕರಣ ಪುಸ್ತಕದಿಂದ ಮಾಡಿಕೊಳ್ಳಬಾರದು, ತನ್ನ ಮನೆಮಾತಿನಿಂದ ಮಾಡಿಕೊಳ್ಳಬೇಕು. ತಮಿಳರ ಪಟ್ಟಿಯಲ್ಲಿ ಕ-ಗ, ತ-ದ ಮತ್ತು ಮಹಾಪ್ರಾಣ. ದಖನಿಯವರ ಪಟ್ಟಿಯಲ್ಲಿ ಲ-ಳ, ನ-ಣ ಮತ್ತು ಏತ್ವ ಓತ್ವಗಳ ದೀರ್ಘ. ಒಂದು ಓದಿನಲ್ಲಿ ಒಂದೇ ಜಾತಿಯ ತಪ್ಪನ್ನು ಹುಡುಕಬೇಕು. ಲ-ಳ ನೋಡುವಾಗ ಬೇರೇನೂ ನೋಡಬಾರದು.

ಕಂಪ್ಯೂಟರ್ ಬಂದ ಮೇಲೆ ಮೂರನೆಯ ಪಟ್ಟಿಯೊಂದು ಸೇರಿತು. ನುಡಿಯ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡಿಗೆ ಬದಲಿಸುವಾಗ ಅರ್ಕಾವೊತ್ತು ಜಾರಿಬಿಡುತ್ತದೆ. "ಆಶೀರ್ವಾದ" ಹೋಗಿ "ಆಶೀವಾರ್ದ", "ಕಾರ್ಯಕ್ರಮ" ಹೋಗಿ "ಕಾಯರ್ಕ್ರಮ" ಆಗುತ್ತದೆ. ಇದನ್ನು ಹಿಡಿಯಲು ಓದಲೇಬೇಕೆಂದಿಲ್ಲ. ಕಡತದಲ್ಲಿ "ರ್" ಎಂದು ಹುಡುಕಿ, ಬಂದ ಪ್ರತಿ ಜಾಗದಲ್ಲೂ ಅರ್ಕಾವೊತ್ತು ಯಾವ ಅಕ್ಷರದ ಮೇಲೆ ಕೂತಿದೆ ಎಂದು ನೋಡಿದರೆ ಸಾಕು.

ಕೊನೆಯ ಓದು ಹಿಂದಿನಿಂದ ಮುಂದಕ್ಕೆ. ಕಡೆಯ ಪದದಿಂದ ಶುರುಮಾಡಿ ಮೊದಲ ಪದಕ್ಕೆ ಬರುವುದು. ವಾಕ್ಯದ ಅರ್ಥ ಎಳೆದುಕೊಂಡು ಹೋಗದ ಕಾರಣ ಒಂದೊಂದು ಪದವೂ ಒಂಟಿಯಾಗಿ ನಿಲ್ಲುತ್ತದೆ. ಆದರೆ ಇದಕ್ಕೊಂದು ಮಿತಿ ಇದೆ. "ಬಂದು", "ಬಂಧು" ತಮ್ಮ ಜಾಗ ಬದಲಿಸಿಕೊಂಡಿದ್ದರೆ ಹಿಂದಿನಿಂದ ಓದುವವರಿಗೆ ಅದು ತಿಳಿಯುವುದೇ ಇಲ್ಲ. ಕ್ರಿಯಾಪದ ಕರ್ತೃವಿಗೆ ಹೊಂದಿದೆಯೇ ಎಂಬುದೂ ಅಷ್ಟೇ. ಅದಕ್ಕೆ ಕನ್ನಡ ಮನೆಮಾತಾಗಿರುವ ಯಾರಾದರೂ ಒಮ್ಮೆ ಮುಂದಿನಿಂದ ಓದಲೇಬೇಕು. ಹಾಗೆಂದು ಅವರೊಬ್ಬರಿಗೇ ಬಿಟ್ಟರೂ ಆಗದು. ಭಾಷೆ ಚೆನ್ನಾಗಿ ಬಲ್ಲವರು ಅರ್ಥ ಹಿಡಿದು ಬೇಗ ಓಡುತ್ತಾರೆ, ಅಕ್ಷರ ಬಿಟ್ಟುಹೋಗುತ್ತದೆ.

ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂಬ ನಿಯಮ 2024ರಲ್ಲಿ ಬಂದ ಮೇಲೆ ಇಂದಿರಾನಗರದಿಂದ ಕೆ.ಆರ್. ಪುರದವರೆಗೆ ಹೊಸ ಕನ್ನಡ ಬೋರ್ಡುಗಳು ಎದ್ದಿವೆ. ಅವಸರದಲ್ಲಿ ಮಾಡಿದ ಎಷ್ಟೋ ಬೋರ್ಡುಗಳಲ್ಲಿ ಇವೇ ತಪ್ಪುಗಳು ಆಳೆತ್ತರವಾಗಿ ನಿಂತಿವೆ. ಡಿಸೈನ್ ವಾಟ್ಸಾಪಿನಲ್ಲಿ ಹೋಗುತ್ತದೆ, ಮಾಲೀಕರು ಹೆಬ್ಬೆರಳೆತ್ತಿದ ಚಿತ್ರ ಕಳಿಸುತ್ತಾರೆ, ಮುದ್ರಣವಾಗುತ್ತದೆ. ಸಣ್ಣ ಪರದೆಯಲ್ಲಿ ಸೀಳು ಕಾಣುವುದೇ ಕಷ್ಟ. ಒಂದು ಬೋರ್ಡಿನ ನಾಲ್ಕು ಪದಗಳನ್ನು ಕಾಗದದ ಮೇಲೆ ದೊಡ್ಡದಾಗಿ ತೆಗೆದು ಪಟ್ಟಿ ಇಟ್ಟು ನೋಡಲು ಐದು ನಿಮಿಷ ಸಾಕು. ಆ ಐದು ನಿಮಿಷವನ್ನು ಕೂಲಿಯ ಲೆಕ್ಕಕ್ಕೆ ಸೇರಿಸುವವರು ಸಿಗುತ್ತಿಲ್ಲ.

ಭಾಯ್ ಈಗ ಕೆಲಸ ಬಿಟ್ಟಿದ್ದಾರೆ, ಕಣ್ಣಿನ ಪೊರೆ. ಅಣ್ಣ ಒಬ್ಬರೇ ಓದುತ್ತಾರೆ. ಲ-ಳ ತಪ್ಪಿದ್ದರೆ ಅವರಿಗೆ ಒಂದೇ ನೋಟಕ್ಕೆ ಸಿಗುತ್ತದೆ. ಮಹಾಪ್ರಾಣದ ಓದನ್ನು ಮಾತ್ರ ಈಗ ಎರಡು ಸಲ ಮಾಡುತ್ತಾರೆ, ಒಂದು ತಮ್ಮದು, ಇನ್ನೊಂದು ಭಾಯ್ ಪಾಲಿನದು. "ಎರಡು ಸಲ ನೋಡಿದ್ರೂ ಎರಡೂ ನನ್ನ ಕಣ್ಣೇ ಅಲ್ವಾ ಸಾರ್," ಎಂದರು. ಜೊತೆಗೆ ಕೂತು ಕಲಿಯಲು ಯಾರಾದರೂ ಬಂದರೆ, ಅವರ ಮನೆಮಾತು ಯಾವುದು ಎಂದು ಮೊದಲು ಕೇಳುತ್ತಾರಂತೆ. ಇತ್ತೀಚೆಗೆ ಯಾರೂ ಬಂದಿಲ್ಲ.